ಡಿಶ್‌ವಾಷರ್‌ನಲ್ಲಿ ಗಾಜಿನ ಲೋಟ ಮಬ್ಬಾಗಿದೆಯಾ? ಸುಣ್ಣವೋ ಸವೆತವೋ, ಮೊದಲು ಪತ್ತೆ ಮಾಡಿ

ಡಿಶ್‌ವಾಷರ್‌ನಿಂದ ತೆಗೆದ ಗಾಜಿನ ಲೋಟ ಬೆಳ್ಳಗೆ ಮಬ್ಬಾಗಿ ಕಂಡರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಡಿಟರ್ಜೆಂಟ್ ಜಾಸ್ತಿ ಹಾಕುವುದು. ಅದರಿಂದ ಸರಿಹೋಗದಿದ್ದರೆ ಇನ್ನೂ ಬಿಸಿಯ ಪ್ರೋಗ್ರಾಮ್‌ನಲ್ಲಿ ತೊಳೆಯುತ್ತಾರೆ. ಮಬ್ಬು ಸುಣ್ಣದ್ದಾಗಿದ್ದರೆ ಇದು ಸರಿಯಾದ ದಾರಿಯೇ. ಆದರೆ ಗಾಜೇ ಸವೆಯುತ್ತಿದ್ದರೆ, ಅಂದರೆ ಎಚಿಂಗ್ ಆಗುತ್ತಿದ್ದರೆ, ಈ ಎರಡು ಕ್ರಮಗಳೂ ಸವೆತವನ್ನು ಜೋರು ಮಾಡುತ್ತವೆ. ಸುಣ್ಣ ಯಾವಾಗ ಬೇಕಾದರೂ ತೆಗೆಯಬಹುದು. ಸವೆದ ಗಾಜು ಮತ್ತೆ ಮೊದಲಿನಂತೆ ಆಗುವುದಿಲ್ಲ.

ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಪೂರ್ತಿ ಉಲ್ಟಾ. ಹಾಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಇದು ಯಾವುದು ಅಂತ ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಅರ್ಧ ಗಂಟೆ ಸಾಕು.

ಮೊದಲು ಲೋಟ ಬಿಟ್ಟು ಉಳಿದದ್ದನ್ನು ನೋಡಿ

ಮೆಷಿನ್ ಬಾಗಿಲು ತೆಗೆದು ಒಣಗಿದ ಪಾತ್ರೆಗಳನ್ನೆಲ್ಲ ಒಮ್ಮೆ ಗಮನಿಸಿ. ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಚಮಚ, ಪಿಂಗಾಣಿ ತಟ್ಟೆ, ಬಾಗಿಲಿನ ಒಳಮೈ, ಇವುಗಳ ಮೇಲೂ ಬಿಳಿ ಪುಡಿಯಂಥ ಪದರ ಇದೆಯಾ? ಇದ್ದರೆ ಅದು ಹೊರಗಿನಿಂದ ಬಂದು ಕೂತ ಪದರ. ಸುಣ್ಣವೋ, ಉಳಿದುಹೋದ ಡಿಟರ್ಜೆಂಟೋ, ಉಪ್ಪೋ ಆಗಿರುತ್ತದೆ. ಹಾಗೆ ಕೂರುವ ಪದರಕ್ಕೆ ಗಾಜು, ಸ್ಟೀಲು ಅನ್ನುವ ಭೇದ ಇಲ್ಲ. ಎಚಿಂಗ್ ಹಾಗಲ್ಲ. ಅದು ಗಾಜಿನ ಒಳಗೇ ನಡೆಯುವ ಕೆಲಸ. ಚಮಚ ಫಳಫಳ ಹೊಳೆಯುತ್ತಿದ್ದು, ಪಕ್ಕದ ಲೋಟ ಮಾತ್ರ ಮಬ್ಬಾಗಿದ್ದರೆ ಸವೆತದ ಅನುಮಾನ ಬಲವಾಗುತ್ತದೆ.

ಅರ್ಧ ಮುಳುಗಿಸುವ ಪರೀಕ್ಷೆ

ಅತಿ ಹೆಚ್ಚು ಮಬ್ಬಾದ ಒಂದು ಲೋಟ ತೆಗೆದುಕೊಳ್ಳಿ. ಒಂದು ಬಟ್ಟಲಿಗೆ ಬಿಳಿ ವಿನೆಗರ್ ಹಾಕಿ, ಲೋಟವನ್ನು ಅಡ್ಡ ಮಲಗಿಸಿ ಅದರ ಒಂದು ಮಗ್ಗುಲು ಮಾತ್ರ ಮುಳುಗುವಂತೆ ಇಡಿ. ವಿನೆಗರ್ ಇಲ್ಲದಿದ್ದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಕರಗಿಸಿದರೂ ಆಯಿತು. ಹದಿನೈದು ನಿಮಿಷ ಬಿಡಿ. ಆಮೇಲೆ ಸಾದಾ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ.

ಪೂರ್ತಿ ಒಣಗಿಸುವುದು ಬಹಳ ಮುಖ್ಯ. ಸವೆದ ಗಾಜು ಒದ್ದೆಯಾಗಿದ್ದಾಗ ಹೊಸದರಂತೆ ತಿಳಿಯಾಗಿ ಕಾಣುತ್ತದೆ. ಗಾಜಿನ ಮೇಲಿನ ಕಣ್ಣಿಗೆ ಕಾಣದ ಗುಳಿಗಳಲ್ಲಿ ನೀರು ತುಂಬಿಕೊಂಡು ಬೆಳಕು ಚದುರುವುದು ನಿಲ್ಲುತ್ತದೆ. ಒಣಗಿದ ಮೇಲೆ ಮಬ್ಬು ಮತ್ತೆ ಬರುತ್ತದೆ. "ವಿನೆಗರ್ ಹಾಕಿದಾಗ ಸರಿಯಾಯ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು" ಅಂತ ಹೇಳುವವರು ಬಹಳ ಜನ ಇದ್ದಾರೆ. ಅವರು ನೋಡಿದ್ದು ಇದನ್ನೇ.

ಒರೆಸಿದ ಲೋಟವನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಮುಳುಗಿದ್ದ ಭಾಗ ತಿಳಿಯಾಗಿ, ಮುಳುಗದ ಭಾಗ ಮಬ್ಬಾಗಿದ್ದು, ನಡುವೆ ಗೆರೆ ಎಳೆದಂತೆ ಕಂಡರೆ ಅದು ಸುಣ್ಣ. ನೆಮ್ಮದಿಯಾಗಿರಿ, ಲೋಟಕ್ಕೆ ಏನೂ ಆಗಿಲ್ಲ. ಎರಡೂ ಕಡೆ ಒಂದೇ ಥರ ಮಬ್ಬಾಗಿದ್ದರೆ ಅದು ಬಹುತೇಕ ಎಚಿಂಗ್.

ಬಹುತೇಕ ಅಂದದ್ದಕ್ಕೆ ಕಾರಣ ಇದೆ. ನೀರಿನಲ್ಲಿ ಸಿಲಿಕಾ ಜಾಸ್ತಿ ಇದ್ದರೆ ಅದರ ತೆಳು ಪದರವೂ ಗಾಜಿನ ಮೇಲೆ ಕೂರುತ್ತದೆ. ಅದು ವಿನೆಗರ್‌ಗೆ ಬಗ್ಗುವುದಿಲ್ಲ. ಜಿಡ್ಡಿನ ತೆಳು ಪದರವೂ ವಿನೆಗರ್‌ಗೆ ಪೂರ್ತಿ ಹೋಗದೆ ಉಳಿಯಬಹುದು. ಅದಕ್ಕೆ ಮೊದಲು ಲೋಟವನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿ ನೀರಿನಲ್ಲಿ ಕೈಯಿಂದ ತೊಳೆದು ಆಮೇಲೆ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಸಿಲಿಕಾವನ್ನು ಮನೆಯಲ್ಲಿ ತೆಗೆಯುವುದು ಕಷ್ಟ. ಲೋಟದ ಮಟ್ಟಿಗೆ ಅದನ್ನೂ ಕಾಯಂ ಮಬ್ಬು ಅಂತಲೇ ಲೆಕ್ಕ ಹಾಕಬಹುದು.

ಸವೆತಕ್ಕೆ ಅದರದ್ದೇ ಕೆಲವು ಗುರುತುಗಳಿವೆ. ಅದು ಎಲ್ಲ ಕಡೆ ಸಮನಾಗಿ ಬರುವುದಿಲ್ಲ. ಅಂಚಿನ ಕೆಳಗೆ ಉಂಗುರದಂತೆ, ಕಾಲಿರುವ ಗ್ಲಾಸಾದರೆ ಕಾಲು ಬಟ್ಟಲಿಗೆ ಕೂಡುವ ಜಾಗದಲ್ಲಿ, ಗೆರೆಗೆರೆಯಾಗಿ ಶುರುವಾಗುತ್ತದೆ. ತಯಾರಿಸುವಾಗ ಮತ್ತೆ ಕಾಯಿಸಿದ ಜಾಗಗಳು ಇವು. ಅಲ್ಲಿ ಗಾಜು ಉಳಿದ ಕಡೆಗಿಂತ ಸ್ವಲ್ಪ ಬೇರೆಯಾಗಿರುತ್ತದೆ. ಇನ್ನೂ ಮೊದಲ ಹಂತದಲ್ಲಿ ಮಬ್ಬೇ ಇರುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದಾಗ ನೀಲಿ, ನೇರಳೆ ಬಣ್ಣದ ಛಾಯೆ ತೇಲಿದಂತೆ ಕಾಣುತ್ತದೆ, ಅಷ್ಟೆ. ಇದನ್ನು ಕಂಡರೆ ಸುಮ್ನೆ ಬಿಡಬೇಡಿ. ಇಲ್ಲಿಗೆ ನಿಲ್ಲಿಸಿದರೆ ಲೋಟ ಉಳಿಯುತ್ತದೆ.

ಗಾಜು ಯಾಕೆ ಸವೆಯುತ್ತದೆ

ದಿನಬಳಕೆಯ ಲೋಟಗಳು ಸೋಡಾ-ಲೈಮ್ ಗಾಜಿನವು. ನೂರರಲ್ಲಿ 70 ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಿಲಿಕಾ, ಉಳಿದದ್ದರಲ್ಲಿ ಮುಖ್ಯವಾಗಿ ಸೋಡಿಯಂ ಮತ್ತು ಕ್ಯಾಲ್ಸಿಯಂ. ಸಿಲಿಕಾ ಗಾಜಿನ ಅಸ್ಥಿಪಂಜರ. ಸೋಡಿಯಂ ಅದರ ಸಂದುಗಳಲ್ಲಿ ಸಡಿಲವಾಗಿ ಕೂತಿರುತ್ತದೆ. ಕ್ಯಾಲ್ಸಿಯಂ ಗಾಜನ್ನು ನೀರಿಗೆ ಕರಗದಂತೆ ಹಿಡಿದಿಡುತ್ತದೆ.

ಬಿಸಿ ನೀರು ಮೊದಲು ಸೋಡಿಯಂ ಅನ್ನು ಹೊರಗೆಳೆಯುತ್ತದೆ. ಮೇಲ್ಮೈಯಲ್ಲಿ ನೀರು ಕುಡಿದ ತೆಳು ಪದರ ಉಳಿಯುತ್ತದೆ. ಆಗ ಕಾಣುವುದೇ ಆ ನೀಲಿ ಛಾಯೆ. ಡಿಶ್‌ವಾಷರ್ ಡಿಟರ್ಜೆಂಟ್ ಕ್ಷಾರ. ಕರಗಿದ ನೀರಿನ ಪಿಎಚ್ 10ರಿಂದ 11ರವರೆಗೆ ಹೋಗುತ್ತದೆ. ಪಿಎಚ್ 9 ದಾಟಿದ ಮೇಲೆ ಸಿಲಿಕಾದ ಕೊಂಡಿಗಳೇ ಕಳಚಿ ಕರಗತೊಡಗುತ್ತವೆ. ನೀರಿನ ಬಿಸಿ ಏರಿದಷ್ಟೂ ಇದು ಬೇಗ ಬೇಗ ನಡೆಯುತ್ತದೆ. ಕೊನೆಯಲ್ಲಿ ಬಿಸಿಗಾಳಿಯಲ್ಲಿ ಒಣಗುವಾಗ ಆ ತೆಳು ಪದರ ಕುಗ್ಗಿ ಸಣ್ಣಸಣ್ಣದಾಗಿ ಬಿರುಕು ಬಿಟ್ಟು ಉದುರುತ್ತದೆ. ಎಷ್ಟೋ ಸಲ ಮಬ್ಬು "ಇದ್ದಕ್ಕಿದ್ದಂತೆ" ಬಂತು ಅನ್ನಿಸುವುದು ಇದಕ್ಕೇ. ಕೆಲಸ ಬಹಳ ಹಿಂದೆಯೇ ಶುರುವಾಗಿರುತ್ತದೆ, ಕಣ್ಣಿಗೆ ಬೀಳುವುದು ಪದರ ಬಿರಿದಾಗ.

ಈಗ ಹೆಚ್ಚು ಜನರಿಗೆ ಗೊತ್ತಿಲ್ಲದ ವಿಷಯ. ಗಾಜಿಗೆ ಹೆಚ್ಚು ಅಪಾಯ ಗಡಸು ನೀರಿನಿಂದಲ್ಲ, ಮೆದು ನೀರಿನಿಂದ. ಡಿಟರ್ಜೆಂಟ್‌ನಲ್ಲಿ ಸಿಟ್ರೇಟ್‌ನಂಥ ಪದಾರ್ಥಗಳಿರುತ್ತವೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸುಣ್ಣ ಕೂರದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ನೀರು ಗಡಸಾಗಿದ್ದರೆ ಅವುಗಳಿಗೆ ಕೈತುಂಬ ಕೆಲಸ. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅವು ಗಾಜಿನ ಕ್ಯಾಲ್ಸಿಯಂಗೇ ಕೈಹಾಕುತ್ತವೆ. ಜೊತೆಗೆ ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಇರುವುದೇ ಗಾಜಿಗೆ ಒಂದು ಕಾವಲು. ಪೂರ್ತಿ ಮೆದು ಮಾಡಿದ ನೀರಿನಲ್ಲಿ ಆ ಕಾವಲೂ ಇಲ್ಲ, ಮೇಲಿಂದ ಡಿಟರ್ಜೆಂಟ್ ಕೂಡ ಜಾಸ್ತಿ.

ತಟ್ಟೆ ಪಾತ್ರೆಗಳನ್ನು ಕೈಯಲ್ಲೇ ಚೆನ್ನಾಗಿ ತೊಳೆದು ಆಮೇಲೆ ಮೆಷಿನ್‌ಗೆ ಇಡುವ ಅಭ್ಯಾಸವೂ ಇದಕ್ಕೆ ಸಹಾಯ ಮಾಡುತ್ತದೆ. ಕೊಳೆ ಇದ್ದರೆ ಕ್ಷಾರ ಅದರ ಮೇಲೆ ಖರ್ಚಾಗುತ್ತದೆ. ಕೊಳೆಯೇ ಇಲ್ಲದಿದ್ದರೆ ಅಷ್ಟೂ ಕ್ಷಾರ ಕೊನೆಯವರೆಗೆ ಗಾಜಿನ ಪಾಲು. ದೊಡ್ಡ ಚೂರುಗಳನ್ನು ಕೆರೆದು ಹಾಕಿದರೆ ಸಾಕು, ಉಳಿದದ್ದನ್ನು ಮೆಷಿನ್‌ಗೆ ಬಿಡಿ.

ಒಂದು ಮನೆಯ ಉದಾಹರಣೆ

ಪರಿಚಯದವರ ಮನೆಯಲ್ಲಿ ನಡೆದದ್ದು ಇದಕ್ಕೆ ಸರಿಯಾದ ಉದಾಹರಣೆ. ಅವರ ನೀರಿನ ಗಡಸುತನ ಸುಮಾರು 300 ಪಿಪಿಎಂ ಇತ್ತು. ಲೋಟ, ಚಮಚ ಎಲ್ಲದರ ಮೇಲೂ ಸುಣ್ಣ ಕೂರುತ್ತಿತ್ತು. ಮೆಷಿನ್‌ನೊಳಗಿನ ಸಾಫ್ಟ್‌ನರನ್ನು ಆ ಗಡಸುತನಕ್ಕೆ ಸರಿಯಾಗಿ ಇಟ್ಟು, ಉಪ್ಪು ತುಂಬಿದ ಮೇಲೆ ತೊಂದರೆ ಹೋಯಿತು. ಕೆಲವು ಕಾಲದ ನಂತರ ಅವರು ಇಡೀ ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದರು. ಡಿಶ್‌ವಾಷರ್‌ನ ಸೆಟ್ಟಿಂಗ್ ಹಳೆಯದೇ ಉಳಿಯಿತು. ಅದು ಯಾರ ತಲೆಗೂ ಬರಲಿಲ್ಲ, ಬರುವಂಥದ್ದೂ ಅಲ್ಲ.

ಮತ್ತೆ ಲೋಟ ಮಬ್ಬಾಗತೊಡಗಿತು. ಹಳೆಯ ಸುಣ್ಣವೇ ವಾಪಸ್ ಬಂದಿದೆ ಅಂದುಕೊಂಡು ಅವರು ಪುಡಿ ಬಿಟ್ಟು ಎಲ್ಲ ಸೇರಿರುವ ಟ್ಯಾಬ್ಲೆಟ್‌ಗೆ ಬದಲಾಯಿಸಿದರು. ಪ್ರೋಗ್ರಾಮ್ ಕೂಡ 70 ಡಿಗ್ರಿಯ ಇಂಟೆನ್ಸಿವ್‌ಗೆ ಹೋಯಿತು. ಮಬ್ಬು ಇನ್ನೂ ಏರಿತು.

ನಾನು ನೋಡಿದಾಗ ಚಮಚಗಳು ಕನ್ನಡಿಯಂತಿದ್ದವು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಒಂದು ಬಿಳಿ ಚುಕ್ಕೆಯೂ ಇರಲಿಲ್ಲ. ಲೋಟಗಳ ಅಂಚಿನಿಂದ ಒಂದು ಬೆರಳು ಕೆಳಗೆ ಮಾತ್ರ ಹಾಲಿನ ಬಣ್ಣದ ಉಂಗುರ. ಉಗುರಿನಿಂದ ಕೆರೆದರೆ ಏನೂ ಏಳಲಿಲ್ಲ, ಗೀರೂ ಬೀಳಲಿಲ್ಲ. ಅರ್ಧ ಮುಳುಗಿಸಿದ ಲೋಟ ಒಣಗಿದ ಮೇಲೆ ಎರಡೂ ಕಡೆ ಒಂದೇ ಥರ. ಅಲ್ಲಿಗೆ ಸವೆತ ಅಂತ ಖಚಿತವಾಯಿತು.

ಮನೆಯಲ್ಲಿದ್ದ ಟಿಡಿಎಸ್ ಮೀಟರ್ ಮಾತ್ರ ದಾರಿ ತಪ್ಪಿಸುತ್ತಿತ್ತು. ಸಾಫ್ಟ್‌ನರ್ ಹಾಕಿದ ಮೇಲೂ ಅದರ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇತ್ತು. "ಅಂಕಿ ಇಳಿದೇ ಇಲ್ಲ, ನೀರು ಇನ್ನೂ ಗಡಸೇ ಇದೆ ಅಲ್ವಾ?" ಅಂತ ಅವರು ಕೇಳಿದರು. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿರುವ ಲವಣಗಳೆಲ್ಲದರ ಅಂದಾಜನ್ನು. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಒಟ್ಟು ಲವಣ ಅಷ್ಟೇ ಉಳಿಯುತ್ತದೆ, ಹಾಗಾಗಿ ಮೀಟರ್‌ಗೆ ಬದಲಾವಣೆ ಗೊತ್ತಾಗುವುದಿಲ್ಲ. ಗಡಸುತನ ತಿಳಿಯಲು ಗಡಸುತನದ್ದೇ ಟೆಸ್ಟ್ ಸ್ಟ್ರಿಪ್ ಬೇಕು. ನಲ್ಲಿಯ ನೀರಿಗೆ ಸ್ಟ್ರಿಪ್ ಅದ್ದಿದಾಗ ಬಣ್ಣ ಅತಿ ಕಡಿಮೆ ಗುರುತಿನಲ್ಲೇ ನಿಂತಿತು. ಆಗಲೇ ಮೆದುವಾದ ನೀರನ್ನು ಮೆಷಿನ್ ಮತ್ತೊಮ್ಮೆ ಸಾಫ್ಟ್‌ನರ್ ದಾಟಿಸುತ್ತಿತ್ತು. ಟ್ಯಾಬ್ಲೆಟ್ ಬೇರೆ ಗಡಸು ನೀರಿಗೆ ಅಂತ ಮಾಡಿದ ಪೂರ್ತಿ ಡೋಸ್ ಸುರಿಯುತ್ತಿತ್ತು.

ಏನೇನು ಬದಲಾಯಿಸಿದೆವು

ಮೊದಲು ಮೆಷಿನ್‌ನ ಗಡಸುತನದ ಸೆಟ್ಟಿಂಗನ್ನು ಕನಿಷ್ಠಕ್ಕೆ ಇಳಿಸಿದೆವು. ಇದನ್ನು ಮಾಡುವ ಗುಂಡಿ ಒಂದೊಂದು ಮೆಷಿನ್‌ಗೆ ಒಂದೊಂದು ಥರ ಇರುವುದರಿಂದ ನಿಮ್ಮ ಕೈಪಿಡಿಯ ಆ ಪುಟವನ್ನೇ ನೋಡಬೇಕು. ಕೆಲವು ಮೆಷಿನ್‌ಗಳಲ್ಲಿ ಸೊನ್ನೆಗೆ ಇಟ್ಟರೆ ಉಪ್ಪಿನ ದೀಪ ಹೊತ್ತಿಕೊಳ್ಳುವುದೂ ನಿಲ್ಲುತ್ತದೆ. ಅದು ದೋಷ ಅಲ್ಲ. ಮನೆಯ ಸಾಫ್ಟ್‌ನರ್‌ನಲ್ಲಿ ಸ್ವಲ್ಪ ಗಡಸು ನೀರು ಬೆರೆಸುವ ವಾಲ್ವ್ ಇತ್ತು. ಅದನ್ನು ಸಣ್ಣಗೆ ತೆರೆದು, ನಲ್ಲಿಯ ನೀರಿನ ಗಡಸುತನ 50ರಿಂದ 100 ಪಿಪಿಎಂ ನಡುವೆ ಬರುವಂತೆ ಸ್ಟ್ರಿಪ್ ಹಾಕಿ ಹಾಕಿ ಹೊಂದಿಸಿದೆವು. ಸುಣ್ಣ ಕಟ್ಟುವಷ್ಟು ಗಡಸಲ್ಲ, ಗಾಜಿನಿಂದ ಕಿತ್ತುಕೊಳ್ಳುವಷ್ಟು ಮೆದುವೂ ಅಲ್ಲ. ಆರ್‌ಒ ನೀರನ್ನು ಡಿಶ್‌ವಾಷರ್‌ಗೆ ಕೊಡುವವರಿಗೂ ಇದೇ ಮಾತು. ಅದರಲ್ಲಿ ಕ್ಯಾಲ್ಸಿಯಂ ಇರುವುದೇ ಅತ್ಯಲ್ಪ. ಕುಡಿಯುವ ನೀರಿನ ಅಚ್ಚುಕಟ್ಟು ಲೋಟಕ್ಕೆ ಬೇಕಾಗಿಲ್ಲ.

ಟ್ಯಾಬ್ಲೆಟ್ ಬಿಟ್ಟು ಮತ್ತೆ ಪುಡಿಗೆ ಬಂದೆವು. ಟ್ಯಾಬ್ಲೆಟ್ ಅನ್ನು ಕಡಿಮೆ ಮಾಡಲಾಗುವುದಿಲ್ಲ. ಅರ್ಧ ತುಂಬಿದ ಮೆಷಿನ್‌ಗೂ, ಬರೀ ಲೋಟಗಳಿಗೂ ಅದು ಅಷ್ಟೇ. ಪುಡಿಯಾದರೆ ಮೆದು ನೀರಿಗೆ ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 10 ಗ್ರಾಂನಿಂದ ಶುರು ಮಾಡಬಹುದು. ತಟ್ಟೆಯ ಮೇಲೆ ಕೊಳೆ ಉಳಿದರೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಕೊಳೆ ಉಳಿಯದಿದ್ದರೆ ಆ ಪ್ರಮಾಣವೇ ನಿಮ್ಮದು. ಪೊಟ್ಟಣದ ಮೇಲೆ ಸತು, ಅಂದರೆ ಜಿಂಕ್ ಇದೆಯಾ ಅಂತ ನೋಡಿ. ಗಾಜಿನ ರಕ್ಷಣೆ ಇದೆ ಅನ್ನುವ ಡಿಟರ್ಜೆಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಸತು ಗಾಜಿನ ಮೇಲ್ಮೈಗೆ ಅಂಟಿಕೊಂಡು ಕ್ಷಾರದ ದಾಳಿಯನ್ನು ನಿಧಾನಗೊಳಿಸುತ್ತದೆ. ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಅದನ್ನು ನಂಬಿ ಡೋಸ್ ಏರಿಸಬಾರದು.

ಲೋಟಗಳಿಗೆ 40ರಿಂದ 50 ಡಿಗ್ರಿಯ ಗ್ಲಾಸ್ ಪ್ರೋಗ್ರಾಮ್. ಇಂಟೆನ್ಸಿವ್ ಹಚ್ಚುವ ದಿನ ಗಾಜಿನ ಪಾತ್ರೆ ಒಳಗಿರುವುದು ಬೇಡ. ಬಿಸಿಗಾಳಿಯಲ್ಲಿ ಒಣಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಪ್ರೋಗ್ರಾಮ್ ಮುಗಿದ ಕೂಡಲೇ ಬಾಗಿಲನ್ನು ಒಂದು ಗೇಣು ತೆಗೆದು ಹಬೆ ಹೊರಗೆ ಬಿಡಿ. ರಾತ್ರಿಯಿಡೀ ಹಬೆಯಲ್ಲಿ ಕೂತ ಗಾಜಿನ ಮೇಲೂ ಸೋಡಿಯಂ ಹೊರಬರುತ್ತಲೇ ಇರುತ್ತದೆ.

ರಿನ್ಸ್ ಏಡ್ ನಿಲ್ಲಿಸಬೇಡಿ. ಅದು ನೀರು ಹನಿ ಹನಿಯಾಗಿ ನಿಲ್ಲದೆ ಜಾರಿ ಹೋಗುವಂತೆ ಮಾಡುತ್ತದೆ, ಉಳಿದ ಕ್ಷಾರವೂ ಅದರ ಜೊತೆ ಇಳಿದು ಹೋಗುತ್ತದೆ. ಅದರ ಬದಲು ಆ ಡಬ್ಬಿಗೆ ವಿನೆಗರ್ ತುಂಬುವವರಿದ್ದಾರೆ. ಮೆಷಿನ್‌ನ ರಬ್ಬರ್ ಭಾಗಗಳಿಗೆ ಅದು ಒಳ್ಳೆಯದಲ್ಲ. ವಿನೆಗರನ್ನು ತೊಳೆಯುವ ಸಮಯದಲ್ಲಿ ಬಟ್ಟಲಲ್ಲಿ ಇಡುವುದೂ ಬೇಡ. ಆಸಿಡ್ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಪಾತ್ರೆಯೂ ಸರಿಯಾಗಿ ತೊಳೆಯುವುದಿಲ್ಲ.

ಬದಲಾವಣೆ ಕೆಲಸ ಮಾಡುತ್ತಿದೆಯಾ?

ಆಗಲೇ ಮಬ್ಬಾದ ಲೋಟವನ್ನು ನೋಡಿ ಇದನ್ನು ಹೇಳಲಾಗುವುದಿಲ್ಲ. ಅದು ಹೇಗಿದ್ದರೂ ಮಬ್ಬಾಗಿಯೇ ಇರುತ್ತದೆ. ಒಂದೇ ಸೆಟ್ಟಿನ ಎರಡು ಹೊಸ ಅಗ್ಗದ ಲೋಟ ತನ್ನಿ. ಒಂದು ಯಾವಾಗಲೂ ಮೆಷಿನ್‌ನಲ್ಲಿ, ಮೇಲಿನ ಟ್ರೇಯ ಒಂದೇ ಜಾಗದಲ್ಲಿ ತೊಳೆಯಲಿ. ಇನ್ನೊಂದನ್ನು ಕೈಯಲ್ಲಿ ತೊಳೆಯಿರಿ. ಮಾರ್ಕರ್ ಗುರುತು ತೊಳೆದು ಹೋಗುವುದರಿಂದ ಕೈಯಲ್ಲಿ ತೊಳೆಯುವುದನ್ನು ಬೇರೆ ಕಪಾಟಿನಲ್ಲೇ ಇಡಿ. ಇಪ್ಪತ್ತು ಮೂವತ್ತು ಸಲ ತೊಳೆದ ಮೇಲೆ ಎರಡನ್ನೂ ಒಣಗಿಸಿ, ಕಪ್ಪು ಬಟ್ಟೆಯ ಮುಂದೆ ಅಕ್ಕಪಕ್ಕ ಹಿಡಿದು ಟಾರ್ಚ್ ಬಿಡಿ. ಅಂಚಿನ ಕೆಳಗಿನ ಜಾಗವನ್ನು ಮೊದಲು ನೋಡಿ. ನೀಲಿ ಛಾಯೆ ಕಂಡರೆ ಡೋಸ್ ಇನ್ನೂ ಇಳಿಸಬೇಕು, ಇಲ್ಲವೇ ಬಿಸಿ ಇಳಿಸಬೇಕು. ಬಿಳಿ ಚುಕ್ಕೆಗಳು ಬಂದು ವಿನೆಗರ್‌ಗೆ ಹೋದರೆ ಈ ಸಲ ಇನ್ನೊಂದು ಬದಿಗೆ ಜಾರಿದ್ದೀರಿ ಅಂತ ಅರ್ಥ. ಆಗ ಗಡಸುತನದ ಸೆಟ್ಟಿಂಗ್ ಅಥವಾ ಪುಡಿ ಒಂದು ಹಂತ ಏರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಆ ಮನೆಯ ಹೊಸ ಜೋಡಿ ಲೋಟಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಳೆಯ ಲೋಟಗಳ ಉಂಗುರ ಹಾಗೇ ಇದೆ.

ಮಬ್ಬಾದ ಲೋಟವನ್ನು ಏನು ಮಾಡುವುದು

ತಿಳಿ ಮಾಡುವುದು ಸಾಧ್ಯವಿಲ್ಲ. ಗಾಜಿನ ಮೇಲ್ಮೈ ಸವೆದು ಗುಳಿ ಬಿದ್ದಿದೆ, ತುಂಬಲು ಏನೂ ಇಲ್ಲ. ಬೇಕಿಂಗ್ ಸೋಡಾ, ಟೂತ್‌ಪೇಸ್ಟ್, ಉಪ್ಪು ಹಾಕಿ ಉಜ್ಜುವುದರಿಂದ ಮಬ್ಬು ಹೋಗುವುದಿಲ್ಲ, ಗೀರು ಬೀಳಬಹುದು. ಸೀರಿಯಂ ಆಕ್ಸೈಡ್ ಪುಡಿಯಿಂದ ಗಾಜನ್ನು ನಿಜವಾಗಿಯೂ ಪಾಲಿಶ್ ಮಾಡಬಹುದು. ಆದರೆ ಅದು ಚಪ್ಪಟೆ ಗಾಜಿಗೆ ಸರಿ. ಲೋಟದ ಒಳಗೂ ಹೊರಗೂ ಗಂಟೆಗಟ್ಟಲೆ ಉಜ್ಜಿದರೆ ಹೊಸ ಲೋಟ ಕೊಳ್ಳುವುದೇ ಅಗ್ಗ. ಎಣ್ಣೆ ಸವರಿದರೆ ತಿಳಿಯಾಗಿ ಕಾಣುತ್ತದೆ, ಒಂದು ಸಲ ತೊಳೆದರೆ ಹೋಯಿತು. ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನು ಕರಗಿಸುತ್ತದೆ ಅಂತ ಎಲ್ಲೋ ಓದಿ ಅದನ್ನು ಹುಡುಕಲು ಹೋಗಬೇಡಿ. ಚರ್ಮಕ್ಕೆ ಸ್ವಲ್ಪ ತಾಗಿದರೂ ಒಳಗಿಳಿದು ಜೀವಕ್ಕೇ ಅಪಾಯ.

ಸಾಮಾನ್ಯ ಗಾಜಿನ ಲೋಟ ಮಬ್ಬಾಗಿದ್ದರೂ ಕುಡಿಯಲು ಬಳಸಬಹುದು. ಬಿರುಕು, ಅಂಚು ಮುಕ್ಕಾಗಿರುವುದು ಕಂಡರೆ ಮಾತ್ರ ಬಿಸಾಡಿ. ಸೀಸ ಇರುವ ಕ್ರಿಸ್ಟಲ್ ಬೇರೆ ಮಾತು. ಅದು ಸಾಮಾನ್ಯ ಗಾಜಿಗಿಂತ ಬೇಗ ಸವೆಯುತ್ತದೆ, ಸವೆಯುವಾಗ ಸೀಸವೂ ಹೊರಬರುತ್ತದೆ. ಅದನ್ನು ಡಿಶ್‌ವಾಷರ್‌ಗೆ ಹಾಕಲೇಬೇಡಿ, ಮಬ್ಬಾಗಿದ್ದರೆ ಕುಡಿಯಲೂ ಬಳಸಬೇಡಿ. ಚಿನ್ನದ ಅಂಚು, ಬಣ್ಣದ ಚಿತ್ತಾರ ಇರುವ ಗಾಜಿಗೂ ಕೈ ತೊಳೆತವೇ ಸರಿ. ಅದಕ್ಕೆ ಉಗುರುಬೆಚ್ಚಗಿನ ನೀರು, ಮೆತ್ತನೆ ಸ್ಪಂಜು, ಸಾದಾ ಲಿಕ್ವಿಡ್ ಸಾಕು. ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿಟ್ಟುಬಿಡಿ.